7:22ಕ್ಕೆ ಐದು ಸ್ಟೇಟಸ್

ನನ್ನ ಎದುರು ಕೂತವರು ಇತ್ತೀಚೆಗೆ ಮಾತಿಗಿಂತ ಮೊದಲು ಮೊಬೈಲು ತೆಗೆಯುತ್ತಾರೆ. ತುಮಕೂರಿನಲ್ಲಿ ಆಪ್ತಸಮಾಲೋಚನೆ ಮಾಡುತ್ತಾ ಇಷ್ಟು ವರ್ಷವಾಯಿತು, ಮೊದಲೆಲ್ಲ ಜನ ಹಳೆಯ ಕಾಗದ ತರುತ್ತಿದ್ದರು, ಆಮೇಲೆ ಮೆಸೇಜು ತೋರಿಸುತ್ತಿದ್ದರು. ಈಗ ತೋರಿಸುವುದು ಒಂದು ಹೆಸರನ್ನು, ಆ ಹೆಸರಿನ ಕೆಳಗಿರುವ ಒಂದು ಗಂಟೆ-ನಿಮಿಷವನ್ನು. "ನೋಡಿ ಮೇಡಂ, ಇವತ್ತೂ ನೋಡಿದ್ದಾಳೆ. ಪ್ರತಿ ಸ್ಟೇಟಸ್ಸೂ ನೋಡ್ತಾಳೆ. ಒಂದು ಮಾತು ಆಡಲ್ಲ. ಇದರ ಅರ್ಥ ಏನು?"

ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಅವಳ ಫೋನಿನಲ್ಲಿ ನಿಮ್ಮ ಸ್ಟೇಟಸ್ ತೆರೆದುಕೊಂಡಿತು, ಅಷ್ಟು ಗೊತ್ತಾಯಿತು. ವಾಟ್ಸಾಪ್ ಆದರೆ ಇನ್ನೊಂದು ಸಣ್ಣ ಸಂಗತಿಯೂ ತಿಳಿಯುತ್ತದೆ: ನಿಮ್ಮ ನಂಬರು ಅವಳ ಫೋನಿನಲ್ಲಿ ಇನ್ನೂ ಸೇವ್ ಆಗಿದೆ. ಆದರೆ ನಂಬರು ಅಳಿಸದೆ ಬಿಡುವುದಕ್ಕೆ ಪ್ರೀತಿ ಬೇಕಿಲ್ಲ. ನಮ್ಮ ಫೋನುಗಳಲ್ಲಿ ಹತ್ತು ವರ್ಷದ ಹಿಂದಿನ ಗ್ಯಾಸ್ ಹುಡುಗನ ನಂಬರೂ ಇರುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನಾವು "ನೋಡಿದಳು" ಎಂದಾಗ ನಮ್ಮ ಮನಸ್ಸಿಗೆ ಬರುವುದು ಬೀದಿಯ ಆ ಕಡೆಯಿಂದ ಕತ್ತೆತ್ತಿ ನಮ್ಮನ್ನೇ ಹುಡುಕಿ ನೋಡುವ ಕಣ್ಣು. ಸ್ಟೇಟಸ್ ಹಾಗೆ ನಡೆಯುವುದಿಲ್ಲ. ಒಬ್ಬರ ಸ್ಟೇಟಸ್ ತೆರೆದರೆ ಅದು ಮುಗಿದ ಮೇಲೆ ಇನ್ನೊಬ್ಬರದು ತಾನಾಗಿ ಶುರುವಾಗುತ್ತದೆ, ಆಮೇಲೆ ಮತ್ತೊಬ್ಬರದು. ಒಂದೊಂದು ಫೋಟೋ ಪರದೆಯ ಮೇಲೆ ನಿಲ್ಲುವುದು ಕೆಲವೇ ಸೆಕೆಂಡು. ಇನ್‌ಸ್ಟಾಗ್ರಾಂ ಸ್ಟೋರಿಯೂ ಇದೇ ರೀತಿ. ಅಕ್ಕನ ಮಗುವಿನ ಫೋಟೋ ನೋಡಲು ತೆರೆದವಳಿಗೆ ನಿಮ್ಮ ಫೋಟೋ ಸಾಲಿನಲ್ಲಿ ಬಂದಿರಬಹುದು, ಬೆರಳು ತಾಗಿಸಿ ಮುಂದೆ ಕಳಿಸಿರಬಹುದು, ಆ ಹೊತ್ತಿಗೆ ಪಕ್ಕದವರ ಜೊತೆ ಮಾತಾಡುತ್ತಿರಲೂಬಹುದು. ಹಾಗಿದ್ದರೂ ನೋಡಿದವರ ಪಟ್ಟಿಯಲ್ಲಿ ಹೆಸರು ಬರುತ್ತದೆ. ಹುಡುಕಿಕೊಂಡು ಬಂದವರ ಹೆಸರೂ, ಸಾಲಿನಲ್ಲಿ ತೇಲಿ ಬಂದವರ ಹೆಸರೂ ಅಲ್ಲಿ ಒಂದೇ ತರ ಕಾಣುತ್ತವೆ.

ಗುಬ್ಬಿ ಕಡೆಯ ಒಬ್ಬ ಹುಡುಗ ಬಂದಿದ್ದ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಇಪ್ಪತ್ತಾರು ವಯಸ್ಸು, ಬುದ್ಧಿವಂತ. ಎರಡು ವರ್ಷ ಜೊತೆಗಿದ್ದ ಹುಡುಗಿ ಸಂಬಂಧ ಬೇಡವೆಂದು ದೂರವಾಗಿದ್ದಳು. ಅವನು ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿದ್ದ: ಯಾವ ಸ್ಟೇಟಸ್, ಎಷ್ಟು ಹೊತ್ತಿಗೆ ಹಾಕಿದ್ದು, ಅವಳು ಎಷ್ಟು ಹೊತ್ತಿಗೆ ನೋಡಿದ್ದು. ಒಟ್ಟು 63 ಸ್ಟೇಟಸ್. ಅವಳು ನೋಡಿದ್ದು 58.

"ಅರವತ್ಮೂರರಲ್ಲಿ ಐವತ್ತೆಂಟು ಮೇಡಂ. ಬೇಡ ಅಂದವಳು ಹೀಗೆ ನೋಡ್ತಾಳಾ?"

ಆ ನೋಟ್‌ಬುಕ್ಕನ್ನು ನಾವಿಬ್ಬರೂ ಕೂತು ಓದಿದೆವು. ಅವನು ಎಷ್ಟು ನೋಡಿದಳು ಎಂಬುದನ್ನಷ್ಟೇ ಕೂಡಿಸಿದ್ದ, ಯಾವಾಗ ಎಂಬುದನ್ನು ಬರೆದಿಟ್ಟೂ ಗಮನಿಸಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಹಾಕಿದ್ದು, ಎರಡಕ್ಕೆ ಊಟದ ಹೊತ್ತಿನದು, ನಾಲ್ಕಕ್ಕೆ ಹಾಕಿದ್ದು, ಎಲ್ಲವೂ ಸಂಜೆ ಒಂದೇ ಸಲ ನೋಡಿದ್ದು. ಒಂದು ದಿನ ಐದು ಸ್ಟೇಟಸ್ಸಿಗೂ ಒಂದೇ ಸಮಯ, 7:22. ಒಂದು ನಿಮಿಷದೊಳಗೆ ಐದು. ಅದರಲ್ಲಿ ಅವನು ಅರ್ಧ ರಾತ್ರಿ ಕೂತು ಆರಿಸಿದ ನಾಲ್ಕು ಸಾಲಿನ ಬರಹವೂ ಇತ್ತು, ಅಮಾನಿಕೆರೆಯ ಏರಿಯ ಮೇಲೆ ಅವರಿಬ್ಬರೂ ಕೂರುತ್ತಿದ್ದ ಜಾಗದ ಫೋಟೋವೂ ಇತ್ತು. ಮೂರು ವಾರದ ಲೆಕ್ಕವೆಲ್ಲ ಎರಡೇ ಗುಂಪಿಗೆ ಬಂತು. ಬೆಳಿಗ್ಗೆ ಏಳೂವರೆಯಿಂದ ಎಂಟೂಕಾಲು, ಸಂಜೆ ಏಳರಿಂದ ಏಳೂಮುಕ್ಕಾಲು.

"ಈ ಹೊತ್ತಿನಲ್ಲಿ ಅವಳು ಎಲ್ಲಿರ್ತಾಳಪ್ಪ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರೈನಲ್ಲಿ" ಎಂದ.

ಬೆಂಗಳೂರಿಗೆ ದಿನಾ ಹೋಗಿ ಬರುವ ನಮ್ಮೂರಿನ ಸಾವಿರಾರು ಜನರಲ್ಲಿ ಅವಳೂ ಒಬ್ಬಳು. ಆ ರೈಲಿನಲ್ಲಿ ಕೂತವರು ಏನು ಮಾಡುತ್ತಾರೆಂದು ಹತ್ತಿದವರಿಗೆಲ್ಲ ಗೊತ್ತು. ಬಗ್ಗಿದ ಕತ್ತು, ಓಡುವ ಹೆಬ್ಬೆರಳು.

ಅವನನ್ನು ಹೆಚ್ಚು ಕಾಡಿದ್ದು ನೋಡದೆ ಬಿಟ್ಟ ಐದು. "ಆ ಶನಿವಾರ ಸ್ವಲ್ಪ ಖಾರವಾಗಿ ಬರೆದಿದ್ದೆ, ಅದಕ್ಕೆ ನೊಂದುಕೊಂಡಿದ್ದಾಳೆ" ಎಂದು ತೀರ್ಮಾನ ಮಾಡಿದ್ದ. ಐದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ, ಎಲ್ಲವೂ ಶನಿವಾರ ರಾತ್ರಿಯಿಂದ ಭಾನುವಾರ ಮುಂಜಾನೆಯೊಳಗೆ ಹಾಕಿದವು. ಸ್ಟೇಟಸ್ ಇರುವುದು 24 ಗಂಟೆ. ಭಾನುವಾರ ಅವಳಿಗೆ ರೈಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಸೀಟು ಹಿಡಿದು ಮೊಬೈಲು ತೆಗೆಯುವ ಹೊತ್ತಿಗೆ ಆ ಐದೂ ಅಳಿಸಿಹೋಗಿದ್ದವು. ಖಾರದ ಮಾತು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಹಾಗಾದರೆ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲವೇ? ಹಾಗೆ ಹೇಳುವ ಅಧಿಕಾರ ನನಗಿಲ್ಲ. ಆ ಫೋಟೋ ಬಂದಾಗ ಅವಳ ಗಂಟಲು ಕಟ್ಟಿರಲೂಬಹುದು. ಆ ನೋಟ್‌ಬುಕ್ಕಿನಿಂದ ಅದು ತಿಳಿಯುವುದಿಲ್ಲ ಎಂಬುದಷ್ಟೇ ನನ್ನ ಮಾತು. 58 ಬದಲು 63 ಆಗಿದ್ದರೂ ತಿಳಿಯುತ್ತಿರಲಿಲ್ಲ.

ಇಂಥವರಿಗೆಲ್ಲ ನಾನು ಒಂದು ಕೆಲಸ ಕೊಡುತ್ತೇನೆ. ಒಂದು ದಿನ ನೀವು ಯಾರ್ಯಾರ ಸ್ಟೇಟಸ್ ನೋಡಿದಿರಿ, ಅದರಲ್ಲಿ ಎಷ್ಟಕ್ಕೆ ಉತ್ತರ ಬರೆದಿರಿ, ರಾತ್ರಿ ಲೆಕ್ಕ ಹಾಕಿ. ಈ ಹುಡುಗ 41 ಜನರದು ನೋಡಿದ್ದ. ಉತ್ತರ ಕೊಟ್ಟಿದ್ದು ಒಬ್ಬನಿಗೆ, ಹುಟ್ಟುಹಬ್ಬಕ್ಕೆ. ಉಳಿದ 40ರಲ್ಲಿ ಹಳೆಯ ಪಿಯು ಲೆಕ್ಚರರ್ ಇದ್ದರು, ಸೈಟು ಮಾರುವವನೊಬ್ಬ ಇದ್ದ, ದೊಡ್ಡಪ್ಪನ ಸೊಸೆ ಇದ್ದಳು. ಅವಳು ದಿನಾ ಹಾಕುವ ರಂಗೋಲಿಯನ್ನು ಅವನು ದಿನಾ ತಪ್ಪದೆ ನೋಡುತ್ತಿದ್ದ. ರಂಗೋಲಿ ಹೇಗಿತ್ತೆಂದು ಕೇಳಿದರೆ ನೆನಪಿಲ್ಲ. ಅವಳೂ ತನ್ನ ಪಟ್ಟಿ ತೆಗೆದು "ಭಾವ ಒಂದು ದಿನವೂ ತಪ್ಪಿಸಲ್ಲ" ಎಂದುಕೊಳ್ಳುತ್ತಿರಬಹುದು ಎಂದೆ. ಆ ಮಾತು ಅವನಿಗೆ ನನ್ನ ಎಲ್ಲ ವಿವರಣೆಗಿಂತ ಬೇಗ ತಟ್ಟಿತು.

ಪಟ್ಟಿ ಮತ್ತೆ ಮತ್ತೆ ತೆರೆದು ನೋಡುವ ಚಟಕ್ಕೆ ಬೇರೆಯೇ ಕಾರಣವಿದೆ. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ, ಸಿ. ಬಿ. ಫರ್ಸ್ಟರ್ ಜೊತೆಗೂಡಿ 1957ರಲ್ಲಿ ಪ್ರಕಟಿಸಿದ್ದರು. ಕುಟುಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಕುಟುಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ, ಇಂಥ ಹೊತ್ತಿಗೆಂದು ಗೊತ್ತಿಲ್ಲದ ಹಾಗೆ ಕಾಳು ಸಿಗುತ್ತಿದ್ದ ಹಕ್ಕಿ ಬಹಳ ಕಾಲ ಕುಟುಕುತ್ತಲೇ ಇರುತ್ತದೆ. ಆ ಹೆಸರು ಈಗ ಬರಬಹುದು, ಇನ್ನೊಂದು ಗಳಿಗೆಗೆ ಬರಬಹುದು ಎಂಬುದೇ ಇವರನ್ನು ಹಿಡಿದಿಟ್ಟಿರುವುದು. ಬಂದ ಹೆಸರಿನಿಂದ ಸಮಾಧಾನ ಸಿಗುವುದು ಎರಡು ನಿಮಿಷ.

ಇದು ಪ್ರೇಮದ ವಿಷಯ ಮಾತ್ರ ಎಂದುಕೊಳ್ಳಬೇಡಿ. ನಿವೃತ್ತ ಶಿಕ್ಷಕಿಯೊಬ್ಬರು ಬರುತ್ತಿದ್ದರು. ನನಗೆ ಅವರ ಮೇಲೆ ಬಹಳ ಅಕ್ಕರೆ. ದಿನಾ ಬೆಳಿಗ್ಗೆ ದೇವರ ಕೋಣೆಯ ಫೋಟೋ ಹಾಕುವರು, ಬೆಂಗಳೂರಿನ ಮಗ ಅರ್ಧ ಗಂಟೆಯೊಳಗೆ ನೋಡುವನು. ಫೋನು ತಿಂಗಳಿಗೊಮ್ಮೆ. "ನೋಡೋಕೆ ಟೈಮಿದೆ, ಅಮ್ಮಾ ಅನ್ನೋಕೆ ಟೈಮಿಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ಭಾನುವಾರ ಮಗನನ್ನೂ ಕರೆಸಿದೆ. ಅವನು ಹೇಳಿದ್ದು ಇಷ್ಟು: "ದೀಪ ಹಚ್ಚಿದ ಫೋಟೋ ಬಂತು ಅಂದ್ರೆ ಅಮ್ಮ ಎದ್ದಿದ್ದಾರೆ, ಸ್ನಾನ ಆಗಿದೆ, ಆರಾಮಾಗಿದ್ದಾರೆ ಅಂತ ಗೊತ್ತಾಗುತ್ತೆ. ಅದಕ್ಕೇ ಫೋನು ಮಾಡಲ್ಲ. ಒಂದು ದಿನ ಬರದಿದ್ರೆ ಮಾಡ್ತೀನಿ."

ಮಗನ ಲೆಕ್ಕದಲ್ಲಿ ಅವನು ದಿನಾ ತಾಯಿಯನ್ನು ನೋಡಿಕೊಂಡು ಬರುತ್ತಿದ್ದ. ತಾಯಿಯ ಲೆಕ್ಕದಲ್ಲಿ ಅವನು ದಿನಾ ಬಾಗಿಲವರೆಗೆ ಬಂದು ಮಾತಾಡಿಸದೆ ಹೋಗುತ್ತಿದ್ದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಉತ್ತರ ಬರೆಯದವರನ್ನು ಕೇಳಿದಾಗ ನನಗೆ ಮತ್ತೆ ಮತ್ತೆ ಸಿಗುವ ಇನ್ನೊಂದು ಕಾರಣವೂ ಇದೇ ಜಾತಿಯದು. ಹಿಂದಿನ ಮೆಸೇಜಿಗೇ ಉತ್ತರ ಕೊಟ್ಟಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂಬ ಸಂಕೋಚ. ಖಿನ್ನತೆಯಲ್ಲಿರುವವರಿಗಂತೂ ಎರಡು ಸಾಲು ಬರೆಯುವುದೇ ಬೆಟ್ಟವಾಗುತ್ತದೆ. ನೋಡುವುದಕ್ಕೆ ಏನೂ ಖರ್ಚಿಲ್ಲ, ಉತ್ತರಕ್ಕೆ ಖರ್ಚಿದೆ.

ನೋಟಕ್ಕೆ ಅರ್ಥವಿರುವ ಸಂದರ್ಭವೂ ಇದೆ. ನೀವು ಬೇಡವೆಂದು ದೂರ ಮಾಡಿದ ವ್ಯಕ್ತಿ ನಿಮ್ಮ ಸ್ಟೇಟಸ್ ನೋಡಿ ಆ ಜಾಗಕ್ಕೇ ಬರುವುದು, ಬ್ಲಾಕ್ ಮಾಡಿದ ಮೇಲೆ ಹೊಸ ಖಾತೆಯಿಂದ ನೋಡುವುದು, ಸಂಬಂಧಿಕರ ಮೂಲಕ "ನಿನ್ನೆ ಅಲ್ಲಿದ್ದೆಯಂತೆ" ಎಂದು ಹೇಳಿಕಳಿಸುವುದು. ಅಲ್ಲಿ ಅರ್ಥ ಹುಡುಕುತ್ತಾ ಕೂರಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಪೊಲೀಸರ ಹತ್ತಿರ ಹೋಗಲು ಹಿಂಜರಿಯಬೇಡಿ. ಗಮನಿಸಿ, ಆ ಸಂದರ್ಭಗಳಲ್ಲೂ ನಮಗೆ ಹೇಳುವುದು ಪಟ್ಟಿಯ ಹೆಸರಲ್ಲ, ಪಟ್ಟಿಯ ಹೊರಗೆ ಅವರು ನಡೆದುಕೊಂಡ ರೀತಿ.

ಹೆಸರು ಪಟ್ಟಿಯಿಂದ ಮಾಯವಾದರೂ ಇದೇ ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಕಾಣದಂತೆ ಮಾಡಿಕೊಂಡವರು ಸ್ಟೇಟಸ್ ನೋಡಿದರೂ ನಿಮಗೆ ತಿಳಿಯುವುದಿಲ್ಲ. ಎರಡು ವಾರ ಊಟ ಬಿಟ್ಟು ಕೂತ ಹುಡುಗಿಯೊಬ್ಬಳ ವಿಷಯದಲ್ಲಿ ಆಗಿದ್ದು ಇಷ್ಟೇ. ಅವಳು ಯಾರ ಹೆಸರಿಗೆ ಕಾಯುತ್ತಿದ್ದಳೋ ಆ ಹುಡುಗ ಆಫೀಸಿನ ಮೇಲಧಿಕಾರಿಯ ಕಾಟಕ್ಕೆ ಟಿಕ್ ತೆಗೆದಿದ್ದ.

ಗುಬ್ಬಿಯ ಹುಡುಗನನ್ನು ಎರಡನೆಯ ಸಲ ಬಂದಾಗ ಕೇಳಿದೆ. ದೂರವಾದ ಮೇಲೆ ನೀನು ನೇರವಾಗಿ ಏನಾದರೂ ಬರೆದಿದ್ದೆಯಾ?

ಬರೆದಿದ್ದ. ಒಮ್ಮೆ ಸಿಗೋಣವಾ ಎಂದು. ಉತ್ತರ ಬಂದಿರಲಿಲ್ಲವೇ? ಬಂದಿತ್ತು. ಫೋನು ತೆಗೆದು ಬಹಳ ಹಿಂದಕ್ಕೆ ಸರಿಸಿ ತೋರಿಸಿದ. "ಬೇಡ ಕಣೋ. ನಾನು ಯೋಚನೆ ಮಾಡೇ ಹೇಳಿರೋದು. ನೀನು ಚೆನ್ನಾಗಿರು."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಒಬ್ಬ ಹೆಣ್ಣುಮಗಳು ಸ್ವಚ್ಛವಾದ ಕನ್ನಡದಲ್ಲಿ ಬರೆದ ಮಾತನ್ನು ಬದಿಗಿಟ್ಟು, ರೈಲಿನಲ್ಲಿ ಅವಳ ಹೆಬ್ಬೆರಳು ಮಾಡಿದ್ದನ್ನು ಇವನು ಅವಳ ನಿಜವಾದ ಉತ್ತರವೆಂದು ಓದುತ್ತಿದ್ದ. "ಉತ್ತರ ಕೊಡಲ್ಲ ಅಂದೆಯಲ್ಲಪ್ಪ, ಕೊಟ್ಟಿದ್ದಾಳಲ್ಲ" ಎಂದೆ. ಅವನು ಅತ್ತ. ಆವತ್ತು ಬೇರೆ ಮಾತಾಡಲಿಲ್ಲ.

ಬಂಧು-ಬಳಗದಲ್ಲಿ, ಸ್ನೇಹದಲ್ಲಿ, ಮಾತು ನಿಂತುಹೋಗಿರುವಲ್ಲಿ ನಾನು ಹೇಳುವುದು ಒಂದೇ ಒಂದು ನೇರ ಪ್ರಶ್ನೆ ಕಳಿಸಿ ಎಂದು. "ಹೇಗಿದ್ದೀಯ" ಅಲ್ಲ, ಅದಕ್ಕೆ ಉತ್ತರ ತಪ್ಪಿಸಿಕೊಳ್ಳುವುದು ಸುಲಭ. "ಭಾನುವಾರ ಮನೆಗೆ ಬರ್ತೀಯಾ?" ಎಂಬಂಥದ್ದು. ಶಿಕ್ಷಕಿಯವರ ಮನೆಯಲ್ಲಿ ಈಗ ಬುಧವಾರ ರಾತ್ರಿ ಫೋನು, ಮಗ ಮಾಡದಿದ್ದರೆ ತಾಯಿಯೇ ಮಾಡುವುದು ಎಂದು ಒಪ್ಪಂದವಾಗಿದೆ. ಆದರೆ ಬೇಡ ಎಂದು ಒಮ್ಮೆ ಹೇಳಿದವರಿಗೆ ಮತ್ತೆ ಪ್ರಶ್ನೆ ಕಳಿಸುವಂತಿಲ್ಲ. ಹಾಗಾಗಿ ಈ ಹುಡುಗನಿಗೆ ಹೇಳಿದ್ದು ಬೇರೆ. ಸ್ಟೇಟಸ್ ಯಾರಿಗೆ ಕಾಣಬೇಕು ಎಂಬ ಸೆಟ್ಟಿಂಗಿನಲ್ಲಿ ಅವಳೊಬ್ಬಳ ಹೆಸರನ್ನು ಬಿಟ್ಟು ಹಾಕು. ಬ್ಲಾಕ್ ಬೇಡ, ಜಗಳ ಬೇಡ, ಅವಳಿಗೆ ತಿಳಿಯುವುದೂ ಇಲ್ಲ. ಒಂದು ತಿಂಗಳು ನೋಡೋಣ.

ತಿಂಗಳ ನಂತರ ಬಂದಾಗ ನೋಟ್‌ಬುಕ್ ತಂದಿರಲಿಲ್ಲ. ಹೆಸರು ತೆಗೆದ ಮೊದಲ ದಿನ ಎರಡು ಫೋಟೋ ಹಾಕಿದನಂತೆ, ಮರುದಿನ ಒಂದು. ಆಮೇಲೆ ಹನ್ನೊಂದು ದಿನ ಏನೂ ಹಾಕಲಿಲ್ಲ, ಹಾಕುವಂಥದ್ದೇನೂ ಹೊಳೆಯಲಿಲ್ಲ. ಹನ್ನೆರಡನೆಯ ದಿನ ಮನೆಯ ಎಮ್ಮೆ ಕರು ಹಾಕಿತ್ತು, ಅದರ ಫೋಟೋ ಹಾಕಿದ.

"ಯಾರ್ಯಾರು ನೋಡಿದ್ರಪ್ಪ?" ಎಂದು ಕೇಳಿದೆ.

"ನೋಡ್ಲಿಲ್ಲ ಮೇಡಂ. ಕರು ಹಾಲು ಕುಡೀತಾ ಇರಲಿಲ್ಲ, ಅದರ ಹಿಂದೆ ಇದ್ದೆ."