ಆಟದ ಪಿರಿಯಡ್‌ನಲ್ಲಿ ಶಾಲು ಹಿಡಿದ ಕೈ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಯಾವುದೇ ಹೈಸ್ಕೂಲಿನಲ್ಲಿ ಎಂಟು, ಒಂಬತ್ತನೇ ತರಗತಿಯ ಹುಡುಗಿಯರು ತ್ರೋಬಾಲ್ ಆಡುವಾಗ ಚೆಂಡನ್ನು ಬಿಟ್ಟು ಕೈಗಳನ್ನು ಗಮನಿಸಿ. ಚೆಂಡು ಬಂದಾಗ ಒಂದು ಕೈ ಅದರತ್ತ ಹೋಗುತ್ತದೆ, ಇನ್ನೊಂದು ಹೆಗಲ ಮೇಲಿನ ಶಾಲನ್ನು ಹಿಡಿಯುತ್ತದೆ. ಒಂದೇ ಕೈಯಲ್ಲಿ ಚೆಂಡು ನಿಲ್ಲುವುದಿಲ್ಲ, ಬೀಳುತ್ತದೆ, ಯಾರೋ ನಗುತ್ತಾರೆ. ಮುಂದಿನ ವಾರ ಆ ಹುಡುಗಿಗೆ ತಲೆನೋವು. ಸ್ಟಾಫ್ ರೂಮಿನಲ್ಲಿ ಇದಕ್ಕೆ ‘ಆಸಕ್ತಿ ಇಲ್ಲ’ ಎಂದು ಹೆಸರು. ಇದೇ ಮಕ್ಕಳು ಆರನೇ ತರಗತಿಯಲ್ಲಿ ಅಂಗಳವಿಡೀ ಓಡುತ್ತಿದ್ದರು. ಎರಡು ವರ್ಷದಲ್ಲಿ ಬದಲಾದದ್ದು ಮೈ, ಉಡುಪು, ಮತ್ತು ಮೈದಾನದ ಗೋಡೆಯಾಚೆ ನಿಂತು ನೋಡುವ ಕಣ್ಣುಗಳು.

ಹಾಗಾಗಿ ಯಾವ ಆಟ ಆಡಿಸುವುದು ಎಂಬ ಚರ್ಚೆ ಆಮೇಲೆ ಇರಲಿ. ಮೊದಲು ಬಟ್ಟೆ ಮತ್ತು ಜಾಗ. ಬಟ್ಟೆಯ ವಿಷಯದಲ್ಲಿ ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಶಾಲೆಯಲ್ಲಿ ಬಟ್ಟೆ ಬದಲಿಸುವ ಕೆಲಸವನ್ನೇ ಇಲ್ಲವಾಗಿಸುವುದು.

ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ 24 ಹುಡುಗಿಯರು, ಬಳಸಲು ಯೋಗ್ಯವಾದ ಶೌಚಾಲಯ ಎರಡು ಎಂದಿಟ್ಟುಕೊಳ್ಳೋಣ. ಒಬ್ಬಳಿಗೆ ಮೂರು ನಿಮಿಷ ಹಿಡಿದರೂ ಎಲ್ಲರಿಗೂ ಆಗುವಾಗ 36 ನಿಮಿಷ. ಪಿರಿಯಡ್ ಇರುವುದೇ 40 ನಿಮಿಷ. ಅದೂ ಒಳಗಿನ ಸ್ಥಿತಿ ನೆನಪಿಸಿಕೊಳ್ಳಿ: ನೆಲ ಒದ್ದೆ, ಬಟ್ಟೆ ತೂಗಹಾಕಲು ಒಂದು ಮೊಳೆಯೂ ಇಲ್ಲ, ಚಿಲಕ ಅರ್ಧ ಕಿತ್ತಿದೆ. ಒಂಟಿ ಕಾಲಲ್ಲಿ ನಿಂತು, ಕಳಚಿದ ಟಾಪನ್ನು ಹಲ್ಲಲ್ಲಿ ಕಚ್ಚಿಕೊಂಡು ಪ್ಯಾಂಟು ಏರಿಸುವಾಗ ಕಾಲಿನ ತುದಿ ನೀರಿಗೆ ತಾಗುತ್ತದೆ. ಆ ಒದ್ದೆ ಪ್ಯಾಂಟಿನಲ್ಲಿ ಸಂಜೆವರೆಗೆ ಕೂರುವುದಕ್ಕಿಂತ ಮೈದಾನದ ಬದಿಯಲ್ಲಿ ಕೂರುವುದೇ ಮೇಲು ಎಂದು ಹುಡುಗಿ ತೀರ್ಮಾನಿಸಿದರೆ ಅವಳದು ತಪ್ಪು ಲೆಕ್ಕವಲ್ಲ.

ಬದಲಿಗೆ, ಆಟದ ಪಿರಿಯಡ್ ಇರುವ ದಿನ ಮನೆಯಿಂದಲೇ ಆಟಕ್ಕೆ ಒಗ್ಗುವ ಬಟ್ಟೆ ತೊಟ್ಟು ಬರಲಿ. ಕೆಳಗೆ ಯೂನಿಫಾರ್ಮಿನ ಪ್ಯಾಂಟು ಅಥವಾ ಟ್ರ್ಯಾಕ್ ಪ್ಯಾಂಟು, ಮೇಲೆ ಸಡಿಲವಾದ ಪೂರ್ತಿ ತೋಳಿನ ಟೀ ಶರ್ಟು. ಇದಕ್ಕೆ ಎಚ್.ಎಂ. ಸಹಿ ಇರುವ ಸೂಚನೆ ಬೇಕು, ಬಾಯಿಮಾತಿನ ಅನುಮತಿ ಸಾಲದು. ಇಲ್ಲವಾದರೆ ಮೊದಲ ಪಿರಿಯಡ್‌ನಲ್ಲೇ ಯಾರಾದರೊಬ್ಬ ಟೀಚರ್ ‘ಇದೆಂಥ ವೇಷ’ ಎಂದು ಕೇಳಿ ಇಡೀ ಏರ್ಪಾಟನ್ನು ಮುಗಿಸಿಬಿಡುತ್ತಾರೆ.

ಟೀ ಶರ್ಟನ್ನು ಆರಿಸುವಾಗ ನೋಡಬೇಕಾದದ್ದು ಬ್ರ್ಯಾಂಡ್ ಅಲ್ಲ. ಬಣ್ಣ ಗಾಢವಾಗಿರಲಿ, ಕಡುನೀಲಿ ಅಥವಾ ಮೆರೂನ್. ತಿಳಿಬಣ್ಣದ ತೆಳು ಬಟ್ಟೆ ಬೆವರಿದಾಗ ಮೈಗಂಟಿ ಒಳಗಿನದೆಲ್ಲ ಕಾಣುತ್ತದೆ. ನಮ್ಮ ಕರಾವಳಿಯ ಸೆಕೆಗೆ ಹತ್ತು ನಿಮಿಷ ಸಾಕು. ಉದ್ದ ತೊಡೆಯ ಅರ್ಧದವರೆಗೆ, ಕುತ್ತಿಗೆ ಗುಂಡಗೆ, ಬದಿಯ ಸೀಳು ನಾಲ್ಕು ಬೆರಳಿಗಿಂತ ಹೆಚ್ಚು ಬೇಡ. ಮನೆಯ ಕನ್ನಡಿಯೆದುರು ಮೂರು ಪರೀಕ್ಷೆ ಮಾಡಿಕೊಳ್ಳಲು ಹೇಳಿ. ಎರಡೂ ಕೈ ಮೇಲೆತ್ತಿದಾಗ ಅಂಚು ಸೊಂಟದಿಂದ ಕೆಳಗೇ ಇರಬೇಕು. ಮೊಣಕಾಲು ಮುಟ್ಟುವಷ್ಟು ಬಾಗಿದಾಗ ಕುತ್ತಿಗೆ ಜೋಲಿ ಒಳಗೆ ಕಾಣಬಾರದು. ಕುಕ್ಕುರುಗಾಲಲ್ಲಿ ಕೂತಾಗ ಪ್ಯಾಂಟು ಹಿಂದಿನಿಂದ ಜಾರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಮೈದಾನದಲ್ಲಿ ಕೈ ಮತ್ತೆ ಬಟ್ಟೆ ಸರಿಪಡಿಸಲು ಹೋಗುತ್ತದೆ.

ಶಾಲು ಬೇಕೇ ಬೇಕು ಎನ್ನುವ ಮನೆಗಳಿವೆ. ಅಲ್ಲಿ ವಾದ ಮಾಡುವುದಕ್ಕಿಂತ ತೋಳಿಲ್ಲದ ಓವರ್‌ಕೋಟು ಒಳ್ಳೆಯದು, ಬದಿಯಲ್ಲಿ ತ್ರಿಕೋನದ ತುಂಡು ಸೇರಿಸಿ ಕಂಕುಳಲ್ಲಿ ಸಡಿಲ ಬಿಟ್ಟು ಹೊಲಿಸಿದ್ದು. ಎರಡು ಹೆಗಲಿಗೂ ಪಿನ್ ಚುಚ್ಚಿದ ಶಾಲು ಮಾತ್ರ ಬೇಡ: ಚೆಂಡು ಎದೆಗೆ ಬಡಿದಾಗ ಪಿನ್ನು ಬಿಚ್ಚಿ ಚುಚ್ಚುವುದುಂಟು. ಸ್ಕಾರ್ಫಿಗೂ ಇದೇ ಮಾತು. ಒಳಟೋಪಿಯ ಮೇಲೆ ಹಿಗ್ಗುವ ಬನಿಯನ್ ಬಟ್ಟೆಯ, ತಲೆಯಿಂದ ತೂರಿಸಿ ಹಾಕುವ ಪಿನ್ನಿಲ್ಲದ ಸ್ಕಾರ್ಫ್, ಅದರ ಅಂಚು ಟೀ ಶರ್ಟಿನೊಳಗೆ. ಸ್ಕಾರ್ಫ್ ಕಟ್ಟಿ ಆಡುವಂತಿಲ್ಲ ಎಂದು ವಾದಿಸುವವರಿಗೆ, ಅಂತರರಾಷ್ಟ್ರೀಯ ಫುಟ್‌ಬಾಲ್ 2014ರಲ್ಲಿ, ಬಾಸ್ಕೆಟ್‌ಬಾಲ್ 2017ರಲ್ಲಿ ತಲೆವಸ್ತ್ರಕ್ಕೆ ಅವಕಾಶ ಕೊಟ್ಟದ್ದನ್ನು ಹೇಳಬಹುದು.

ಒಳಉಡುಪಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಜಿಗಿಯುವಾಗ, ಓಡುವಾಗ ಎದೆಗೆ ಕೈ ಕಟ್ಟುವ ಹುಡುಗಿಗೆ ಅದೇ ದೊಡ್ಡ ತೊಡಕು. ಬಿಗಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಇಲ್ಲದಿದ್ದರೆ, ಅಳತೆಗೆ ಸರಿಯಾದ ಸಾಮಾನ್ಯದ್ದರ ಮೇಲೆ ಬಿಗಿ ಸ್ಲಿಪ್ಪು ಹಾಕಿದರೂ ಬಹಳ ವ್ಯತ್ಯಾಸ. ಇದನ್ನು ಹೇಳಬೇಕಾದದ್ದು ಪಿ.ಟಿ. ಮಾಷ್ ಅಲ್ಲ, ಒಬ್ಬ ಟೀಚರ್, ಹುಡುಗಿಯರಷ್ಟೇ ಇರುವಾಗ, ಎಲ್ಲರಿಗೂ ಒಟ್ಟಿಗೆ. ಒಬ್ಬಳನ್ನು ಬದಿಗೆ ಕರೆದು ಹೇಳಿದರೆ ಅವಳು ಮತ್ತೆ ಮೈದಾನಕ್ಕೆ ಬರುವುದು ಕಷ್ಟ.

ಇನ್ನು ಜಾಗ. ನಮ್ಮ ಶಾಲೆಗಳ ಮೈದಾನಕ್ಕೆ ಸಾಮಾನ್ಯವಾಗಿ ಕೆಂಪುಕಲ್ಲಿನ ಗಿಡ್ಡ ಗೋಡೆ, ಅದರಾಚೆ ರಸ್ತೆ, ಬಸ್‌ಸ್ಟಾಪು, ಅಂಗಡಿಯ ಬೆಂಚು. ಗೋಡೆಗೆ ಹಸಿರು ಶೇಡ್ ನೆಟ್ ಕಟ್ಟುವುದು ಹಲವರಿಗೆ ತೋಚುವ ಉಪಾಯ. ಜೂನ್ ಬಂದರೆ ಗಾಳಿಮಳೆಗೆ ಅದು ಹರಿದು ಜೋತಾಡುತ್ತದೆ. ಮೇಲಾಗಿ ಪರದೆ ಕಂಡಲ್ಲಿ ಇಣುಕುವವರು ಹೆಚ್ಚು. ನನ್ನ ಮತ ಕಟ್ಟಡದ ಹಿಂಭಾಗದ ಅಂಗಳಕ್ಕೆ. ಅಷ್ಟು ದೊಡ್ಡದಿರುವುದಿಲ್ಲ ಎನ್ನುತ್ತೀರಿ. ಸಣ್ಣ ಅಂಕಣ ಸಾಕು, ಅದನ್ನು ಮುಂದೆ ಹೇಳುತ್ತೇನೆ. ಅದೇ ಹೊತ್ತಿಗೆ ದೊಡ್ಡ ಹುಡುಗರ ಆಟದ ಪಿರಿಯಡ್ ಬಾರದ ಹಾಗೆ ಟೈಮ್‌ಟೇಬಲಿನಲ್ಲೇ ನೋಡಿಕೊಳ್ಳುವುದು ಪರದೆಗಿಂತ ಹೆಚ್ಚು ಫಲ ಕೊಡುತ್ತದೆ.

ವ್ಯಾಯಾಮ ಮಾಡಿಸುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ವೃತ್ತದಲ್ಲಿ ಒಳಮುಖವಾಗಿ ನಿಲ್ಲಿಸಿ ಜಿಗಿಸಿದರೆ ಪ್ರತಿಯೊಬ್ಬಳನ್ನೂ ಉಳಿದವರೆಲ್ಲ ನೋಡುತ್ತಿರುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ ಸಾಲಾಗಿ ಚಲಿಸುವಂತೆ ಮಾಡಿ: ವೇಗದ ನಡಿಗೆ, ಅಡ್ಡ ಹೆಜ್ಜೆ, ಮೆಲ್ಲಗಿನ ಓಟ. ಬಾಗುವ ವ್ಯಾಯಾಮವಿದ್ದರೆ ಬೆನ್ನು ಕಟ್ಟಡದ ಗೋಡೆಯ ಕಡೆಗೆ. ರಸ್ತೆಗೆ ಬೆನ್ನು ಮಾಡಿ ಬಾಗಿಸಿದ ಪಿ.ಟಿ. ಮಾಷ್ ಆ ದಿನವೇ ಅರ್ಧ ತರಗತಿಯನ್ನು ಕಳಕೊಳ್ಳುತ್ತಾರೆ.

ಈಗ ಅದೇ 24 ಹುಡುಗಿಯರ 40 ನಿಮಿಷವನ್ನು ಹೊಂದಿಸೋಣ. ಪೂರ್ಣ ಅಳತೆಯ ತ್ರೋಬಾಲ್ ಅಂಕಣ 18.3 ಮೀಟರ್ ಉದ್ದ, 12.2 ಮೀಟರ್ ಅಗಲ. ಅಷ್ಟು ದೊಡ್ಡದರಲ್ಲಿ ಚೆಂಡು ಬಾರದ ಮೂಲೆ ಹುಡುಕಿ ನಿಲ್ಲುವುದು ಸುಲಭ. ಬದಲಿಗೆ 8 ಮೀಟರ್ ಉದ್ದ, 5 ಮೀಟರ್ ಅಗಲದ ಮೂರು ಸಣ್ಣ ಅಂಕಣ ಎಳೆಯಿರಿ, ಮೂರರ ನಡುವೆಯೂ 1.8 ಮೀಟರ್ ಎತ್ತರದಲ್ಲಿ ಒಂದೇ ಉದ್ದ ಹಗ್ಗ. ಅಂಕಣಕ್ಕೆ ಎಂಟು ಜನ: ಮೂವರಿಗೆ ಮೂವರು ಆಟಕ್ಕೆ, ಒಬ್ಬಳು ಅಂಕ ಬರೆಯಲು, ಒಬ್ಬಳು ಹೊರಹೋದ ಚೆಂಡು ತರಲು. ನಾಲ್ಕು ನಿಮಿಷಕ್ಕೊಮ್ಮೆ ಹೊರಗಿನ ಇಬ್ಬರು ಒಳಗೆ, ಒಳಗಿನ ಇಬ್ಬರು ಹೊರಗೆ. ನಾಲ್ಕು ಸರದಿಗೆ 16 ನಿಮಿಷ. ಪ್ರತಿಯೊಬ್ಬಳೂ 12 ನಿಮಿಷ ಆಡುತ್ತಾಳೆ, ನಾಲ್ಕು ನಿಮಿಷ ಹೊರಗಿರುತ್ತಾಳೆ. ಉಳಿದದ್ದರಲ್ಲಿ ಶೂ ಕಟ್ಟಿ ಅಂಗಳಕ್ಕೆ ಬರಲು 5, ಮೈ ಬಿಸಿ ಮಾಡಲು 7, ಜೋಡಿಯಲ್ಲಿ ಚೆಂಡು ಹಿಡಿದು ಕೊಡುವ ಅಭ್ಯಾಸಕ್ಕೆ 8, ಕೊನೆಗೆ ಮುಖ ತೊಳೆದು ಸ್ಕಾರ್ಫ್, ಜಡೆ ಸರಿಮಾಡಿಕೊಳ್ಳಲು 4. ಈ ಕೊನೆಯ ನಾಲ್ಕನ್ನು ಆಟ ಚೆನ್ನಾಗಿ ನಡೆಯುತ್ತಿದೆ ಎಂದು ನುಂಗಬೇಡಿ. ಬೆವರಿ ಕೆದರಿದ ತಲೆಯಲ್ಲಿ ಹುಡುಗರಿರುವ ತರಗತಿಗೆ ಹೋಗುವುದನ್ನು ತಪ್ಪಿಸಲೆಂದೇ ಅನೇಕರು ಆಡುವುದಿಲ್ಲ.

ಮೊದಲ ಮೂರು ವಾರ ನಿಯಮ ಸಡಿಲ. ಹೆಗಲ ಮೇಲಿಂದ ಒಂದು ಕೈಯ ಎಸೆತ ಬೇಕಿಲ್ಲ, ಎದೆಯ ಮಟ್ಟದಿಂದ ಎರಡು ಕೈಯಲ್ಲಿ ತಳ್ಳಿದರೂ ಸರಿ. ಚೆಂಡು ಒಂದು ಪುಟ ಬಿದ್ದ ಮೇಲೆ ಹಿಡಿದರೂ ಸರಿ. ಆಗ ಜಿಗಿಯುವ, ಕೈ ಪೂರ್ತಿ ಎತ್ತುವ ಸಂದರ್ಭ ಕಡಿಮೆಯಾಗುತ್ತದೆ. ಬಟ್ಟೆ ನಿಲ್ಲುತ್ತದೆ ಎಂಬ ಧೈರ್ಯ ಬಂದ ಮೇಲೆ ಒಂದೊಂದಾಗಿ ನಿಜವಾದ ನಿಯಮಕ್ಕೆ ಬನ್ನಿ. ಕಬಡ್ಡಿಯನ್ನು ಆರಂಭಕ್ಕೆ ಇಟ್ಟುಕೊಳ್ಳಬೇಡಿ, ಹಿಡಿಯುವಾಗ ಟಾಪು ಎಳೆದುಹೋಗುತ್ತದೆ. ಬೇಕಿದ್ದರೆ ಸೊಂಟದ ಎರಡು ಬದಿಗೆ ರಿಬ್ಬನ್ ಸಿಕ್ಕಿಸಿ, ಅದನ್ನು ಕಿತ್ತರೆ ಔಟ್ ಎಂದು ಆಡಿಸಬಹುದು.

ಮುಟ್ಟಿನ ದಿನಗಳಿಗೆ ಕಾರಣ ಕೇಳದ ಏರ್ಪಾಟು ಬೇಕು. ಪಿರಿಯಡ್ ಶುರುವಾಗುವಾಗ ‘ಪೂರ್ತಿ’ ಅಥವಾ ‘ಹಗುರ’ ಎಂದಷ್ಟೇ ಹೇಳಲಿ. ಹಗುರ ಎಂದವಳು ಓಟ ಬಿಟ್ಟು ಜೋಡಿ ಅಭ್ಯಾಸ ಮಾಡುತ್ತಾಳೆ, ಎರಡು ಸರದಿ ಅಂಕ ಬರೆಯುತ್ತಾಳೆ. ಇದೇ ಏರ್ಪಾಟು ರಂಜಾನ್ ಉಪವಾಸದವರಿಗೂ ಒದಗುತ್ತದೆ. ಆದರೆ ಅಂಕ ಬರೆಯುವುದು ಖಾಯಂ ಆಸರೆಯಾಗಬಾರದು. ತಿಂಗಳಿಡೀ ಹಗುರ ಎನ್ನುವವಳು, ಅಥವಾ ಆಡಲು ಬಂದರೂ ಎರಡೇ ನಿಮಿಷಕ್ಕೆ ಏದುಸಿರು ಬಿಟ್ಟು ಬಿಳಚಿಕೊಳ್ಳುವವಳು ಇದ್ದರೆ ಅದು ನಾಚಿಕೆಯಲ್ಲ, ರಕ್ತಹೀನತೆ ಇರಬಹುದು. ಆರೋಗ್ಯ ಕೇಂದ್ರದ ನರ್ಸ್ ನೋಡಲಿ.

ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು ಹಾಜರಿ ಪುಸ್ತಕ ನೋಡಿ ಪ್ರಯೋಜನವಿಲ್ಲ, ಮೈದಾನಕ್ಕೆ ಬಂದವರೆಲ್ಲ ಅದರಲ್ಲಿ ಹಾಜರೇ. ಪಿರಿಯಡ್‌ನ 10, 20, 30ನೇ ನಿಮಿಷಕ್ಕೆ ತಲೆಯೆತ್ತಿ ನೋಡಿ, ಪ್ರತಿಯೊಬ್ಬಳ ಹೆಸರಿನೆದುರು ‘ಆ’, ‘ನಿ’, ‘ಕು’ ಎಂದು ಗುರುತು ಹಾಕಿ: ಆಡುತ್ತಿದ್ದಾಳೆ, ನಿಂತಿದ್ದಾಳೆ, ಕುಳಿತಿದ್ದಾಳೆ. ಸರದಿಯಂತೆ ಹೊರಗಿರುವವಳು ‘ಆ’ ಲೆಕ್ಕಕ್ಕೇ. ನಾಲ್ಕು ವಾರದಲ್ಲಿ ಪಟ್ಟಿ ತಾನೇ ಮಾತಾಡುತ್ತದೆ. ಓಟವಿದ್ದಾಗ ಮಾತ್ರ ನಿಲ್ಲುವವಳಿಗೆ ಬಟ್ಟೆಯ ತೊಂದರೆ. ವಾರದ ಒಂದು ನಿರ್ದಿಷ್ಟ ದಿನ ಗುಂಪಿಗೆ ಗುಂಪೇ ಕೂತರೆ ಆ ಹೊತ್ತು ಮೈದಾನದಲ್ಲಿ ಬೇರೆ ಯಾರಿದ್ದಾರೆ ಎಂದು ನೋಡಿ. ಒಮ್ಮಿಂದೊಮ್ಮೆ ಮೂರ್ನಾಲ್ಕು ಜನ ಒಟ್ಟಿಗೆ ಬಿಟ್ಟರೆ ಹೆಚ್ಚಾಗಿ ಹಿಂದಿನ ವಾರದ ಒಂದು ಫೋಟೋ ಕಾರಣ. ಪಿ.ಟಿ.ಎ. ವಾಟ್ಸಾಪ್ ಗುಂಪಿಗೆ ಉತ್ಸಾಹದಿಂದ ಹಾಕಿದ ಓಡುವ ಚಿತ್ರ ಯಾರ ಯಾರ ಮೊಬೈಲಿಗೋ ಹೋಗಿ ಮನೆಯ ಅಣ್ಣನಿಗೆ ತಲುಪಿರುತ್ತದೆ. ಆಟದ ಪಿರಿಯಡ್‌ನಲ್ಲಿ ಫೋಟೋ ಇಲ್ಲ ಎಂಬ ನಿಯಮ ಟೀಚರ್, ಮಾಷ್‌ಗಳಿಗೂ ಅನ್ವಯಿಸಬೇಕು.

ಮನೆಯವರ ಹತ್ತಿರ ಮಾತಾಡುವುದಾದರೆ ಮದರ್ ಪಿ.ಟಿ.ಎ. ಸಭೆ ಒಳ್ಳೆಯದು. ತಾಯಂದಿರಿಗೆ ವ್ಯಾಯಾಮದ ಲಾಭದ ಭಾಷಣ ಬೇಡ. ಅವರ ಪ್ರಶ್ನೆಗಳು ಬೇರೆ: ಎಲ್ಲಿ ಆಡಿಸುತ್ತೀರಿ, ಯಾರು ನೋಡುತ್ತಾರೆ, ಹುಡುಗರು ಜೊತೆಗಿರುತ್ತಾರಾ, ಮಗು ನಾಲ್ಕೂವರೆಯ ಬಸ್ಸಿಗೆ ಸಿಗುತ್ತಾಳಾ. ಟೀ ಶರ್ಟನ್ನು ಕೈಯಲ್ಲಿ ಹಿಡಿದು ತೋರಿಸಿ, ಮುಟ್ಟಿ ನೋಡಲಿ. ಬಿಸಿಲಿಗೆ ಕಪ್ಪಾಗುತ್ತಾಳೆ ಎಂಬ ಆಕ್ಷೇಪಕ್ಕೆ ವಾದಕ್ಕಿಂತ ಪಿರಿಯಡನ್ನು ಬೆಳಗ್ಗಿನ ಹೊತ್ತಿಗೆ ಸರಿಸುವುದೇ ಉತ್ತರ. ಹೇಗೂ ಮಧ್ಯಾಹ್ನದ ಕೆಂಪುಕಲ್ಲಿನ ಅಂಗಳ ಆಟಕ್ಕೆ ಆಗುವಂಥದ್ದಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಏರ್ಪಾಟು ಮುರಿಯುವುದು ಬಹುಮಟ್ಟಿಗೆ ಒಂದೇ ಕಡೆ. ಪರೀಕ್ಷೆ ಹತ್ತಿರ ಬಂತೆಂದು ಗಣಿತದ ಮಾಷ್ ಆಟದ ಪಿರಿಯಡ್ ಕೇಳಿ ಪಡೆಯುತ್ತಾರೆ. ಅಂದು ಟೀ ಶರ್ಟು ತೊಟ್ಟು ಬಂದ ಹುಡುಗಿಯರು ಆಟವೂ ಇಲ್ಲದೆ ದಿನವಿಡೀ ಅದರಲ್ಲೇ ಕೂರಬೇಕು, ಹಿಂದಿನ ಬೆಂಚಿನವರ ಮಾತು ಕೇಳಬೇಕು. ಎರಡು ಸಲ ಹಾಗಾದರೆ ಮೂರನೆಯ ಸಲ ಅವರು ಶಾಲು ಹೊದ್ದೇ ಬರುತ್ತಾರೆ. ಪಿರಿಯಡ್ ಬಿಟ್ಟುಕೊಡಲೇಬೇಕಾದರೆ ಹಿಂದಿನ ದಿನವೇ ತರಗತಿಗೆ ತಿಳಿಸಬೇಕು, ಅದೇ ವಾರದಲ್ಲಿ ಬದಲಿ ಪಿರಿಯಡ್ ಯಾವಾಗ ಎಂಬುದನ್ನು ಅದೇ ಹೊತ್ತಿಗೆ ಬೋರ್ಡಿನಲ್ಲಿ ಬರೆಯಬೇಕು.