ಪದ ಪರಿಚಯ: ವ್ಯಾಯಾಮದ ವಿಡಿಯೋದಲ್ಲಿ ‘ಕ್ಯೂ’

ಕನ್ನಡದಲ್ಲಿ ಬರೆದಾಗ ಪಡಿತರ ಅಂಗಡಿಯ ಮುಂದಿನ ಕ್ಯೂ ಮತ್ತು ವ್ಯಾಯಾಮ ಕಲಿಸುವವರು ಹೇಳುವ ಕ್ಯೂ ಒಂದೇ ರೀತಿ ಕಾಣುತ್ತವೆಯಾದರೂ ಎರಡರ ಅರ್ಥ ಬೇರೆ ಬೇರೆ. ಎರಡನೆಯದು ನಾಟಕದವರಿಗೆ ಪರಿಚಿತವಾದ ಪದ: ಯಾವ ಮಾತು ಕಿವಿಗೆ ಬಿದ್ದೊಡನೆ ನಟನು ರಂಗದ ಮೇಲೆ ಬರಬೇಕೋ ಆ ಮಾತೇ ಅವನ ಕ್ಯೂ. ಮನೆಯಲ್ಲಿ ನೋಡಿ ಮಾಡುವ ವ್ಯಾಯಾಮದ ವಿಡಿಯೋದಲ್ಲಿಯೂ ಅದರ ಅರ್ಥ ಹೆಚ್ಚು ಬದಲಾಗುವುದಿಲ್ಲ. ದೇಹವು ಮುಂದಿನ ಕ್ಷಣದಲ್ಲಿ ಏನು ಮಾಡಬೇಕೆಂಬುದನ್ನು ಅದಕ್ಕಿಂತ ಸ್ವಲ್ಪ ಮೊದಲು ತಿಳಿಸುವ ಚಿಕ್ಕ ಮಾತೇ ಕ್ಯೂ. ‘ಸೂಚನೆ’ ಎಂಬ ನಮ್ಮ ಪದ ಇದಕ್ಕೆ ಹತ್ತಿರದ್ದಾದರೂ ಸಾಲದು, ಏಕೆಂದರೆ ಸೂಚನೆಯನ್ನು ಯಾವಾಗ ಬೇಕಾದರೂ ಕೊಡಬಹುದು. ಕ್ಯೂ ಒಂದು ಸೆಕೆಂಡು ತಡವಾದರೂ ಅದು ಕ್ಯೂ ಆಗಿ ಉಳಿಯುವುದಿಲ್ಲ.

ಈ ಕಾಲದ ಲೆಕ್ಕ ಕನ್ನಡದಲ್ಲಿ ವಿಶೇಷವಾಗಿ ತೊಡಕಿನದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಮೊಣಕಾಲುಗಳು ಒಳಕ್ಕೆ ವಾಲದಂತೆ ನೋಡಿಕೊಳ್ಳುತ್ತಾ ನಿಧಾನವಾಗಿ ಕುಳಿತುಕೊಳ್ಳಿ’ ಎಂದು ಹೇಳಿ ಮುಗಿಸುವಷ್ಟರಲ್ಲಿ, ಕೇಳುವವರು ಆಗಲೇ ಕುಳಿತಿರುತ್ತಾರೆ ಅಥವಾ ಏನು ಮಾಡಬೇಕೆಂದು ತಿಳಿಯದೆ ನಿಂತೇ ಇರುತ್ತಾರೆ. ನಿಷೇಧವೂ ಕೊನೆಯಲ್ಲೇ ಬರುವುದರಿಂದ ಆಗುವ ಅವಾಂತರ ಇನ್ನೂ ದೊಡ್ಡದು. ಕಲಬುರಗಿಯ ನಮ್ಮ ಮನೆಯಲ್ಲಿ ವೈನಿಯವರಿಗಾಗಿ ನಾನು ಮೊದಲ ಬಾರಿ ಧ್ವನಿ ಮುದ್ರಿಸಿದಾಗ, ಪ್ರತಿ ಸಲ ಏಳುವ ಮೊದಲು ‘ಉಸಿರು ಹಿಡಿಯಬೇಡಿ’ ಎಂದು ಹೇಳಿದ್ದೆ. ಅವರು ‘ಉಸಿರು ಹಿಡಿ’ ಎಂಬಲ್ಲಿಗೇ ಉಸಿರು ಹಿಡಿದು ಮುಖ ಕೆಂಪಾಗಿಸಿಕೊಂಡು ಎದ್ದು, ‘ನೀನೇ ಹಿಡಿ ಅಂದ್ಯಲ್ಲೋ’ ಎಂದರು. ತಪ್ಪು ಅವರದಲ್ಲ. ‘ಉಸಿರು ತೆಗೆದುಕೊಳ್ಳಿ’, ‘ಉಸಿರು ಬಿಡಿ’ ಎಂಬ ಎರಡೂ ಒಂದೇ ಪದದಿಂದ ಆರಂಭವಾಗುವ ಕಾರಣ, ಅವಸರದಲ್ಲಿರುವ ಕಿವಿಗೆ ವ್ಯತ್ಯಾಸ ತಿಳಿಯುವುದು ತಡವಾಗಿಯೇ. ಆದ್ದರಿಂದ ‘ಉಸಿರು’ ಎಂಬ ಪದವನ್ನು ತಯಾರಿಯ ಹೊತ್ತಿನಲ್ಲಿ ಒಮ್ಮೆ ಹೇಳಿ, ಆಮೇಲೆ ‘ತಗೋರಿ’, ‘ಬಿಡ್ರಿ’ ಎಂಬ ಬರೀ ಕ್ರಿಯಾಪದಗಳನ್ನು ಉಳಿಸಿಕೊಳ್ಳುವುದು ಉತ್ತಮ. ಈ ವಿಷಯದಲ್ಲಿ ನಮ್ಮ ಭಾಗದ ಆಡುಮಾತು ಗ್ರಂಥಭಾಷೆಗಿಂತ ಹೆಚ್ಚು ಉಪಯುಕ್ತ. ‘ಕುಳಿತುಕೊಳ್ಳಿ’ ಎಂಬುದರ ಅರ್ಧ ಹೊತ್ತಿನಲ್ಲಿ ‘ಕೂಡ್ರಿ’ ಮುಗಿಯುತ್ತದೆ.

ಕುರ್ಚಿಯಿಂದ ಎದ್ದು ಮತ್ತೆ ಕೂಡುವ ಸರಳ ವ್ಯಾಯಾಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಏಳಲು 2 ಸೆಕೆಂಡು, ನೆಟ್ಟಗೆ ನಿಲ್ಲಲು 1, ಕೂಡಲು 3; ಹೀಗೆ ಒಂದು ಸುತ್ತಿಗೆ 6 ಸೆಕೆಂಡು, 30 ಸೆಕೆಂಡಿನಲ್ಲಿ ಐದು ಸುತ್ತು. ಕೂಡುವುದಕ್ಕೆ ಹೆಚ್ಚು ಹೊತ್ತು ಕೊಡುವುದಕ್ಕೆ ಕಾರಣವಿದೆ: ಇಳಿಯುವಾಗ ತೊಡೆಯ ಸ್ನಾಯುಗಳು ಭಾರವನ್ನು ತಡೆದು ತಡೆದು ಬಿಡಬೇಕು, ಆ ಕೆಲಸವನ್ನು ಬಿಟ್ಟುಕೊಟ್ಟವರು ಕುರ್ಚಿಯ ಮೇಲೆ ಧೊಪ್ಪೆಂದು ಬೀಳುತ್ತಾರೆ. ಶ್ರಮ ಹೆಚ್ಚಿರುವ ಏಳುವ ಭಾಗದಲ್ಲಿ ಉಸಿರನ್ನು ಬಿಡಬೇಕು, ಕೂಡುವಾಗ ತೆಗೆದುಕೊಳ್ಳಬೇಕು. ಉಸಿರು ಕಟ್ಟಿ ಬಲ ಹಾಕಿದರೆ ಎದೆಯೊಳಗಿನ ಒತ್ತಡದೊಡನೆ ರಕ್ತದೊತ್ತಡವೂ ಆ ಕ್ಷಣಕ್ಕೆ ಏರುವುದರಿಂದ, ಬಿ.ಪಿ. ಇರುವವರ ಮಟ್ಟಿಗೆ ಈ ಮಾತು ಬರೀ ಶಿಸ್ತಿನದಲ್ಲ.

ತಯಾರಿಗೆ 20 ಸೆಕೆಂಡು ಬೇಕು. ಈ ಅವಧಿಯಲ್ಲಿ ಉದ್ದ ವಾಕ್ಯಗಳನ್ನು ಧಾರಾಳವಾಗಿ ಹೇಳಬಹುದು, ಏಕೆಂದರೆ ದೇಹ ಇನ್ನೂ ಚಲಿಸುತ್ತಿಲ್ಲ. ನಮ್ಮ ಮನೆಗಳ ಶಹಾಬಾದಿ ಫರ್ಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಸರಿಯುವುದರಿಂದ ಕುರ್ಚಿಯ ಬೆನ್ನನ್ನು ಗೋಡೆಗೆ ಹಚ್ಚಿಡಲು ಹೇಳಬೇಕು. ಕಾಲುಚೀಲ ತೆಗೆಯಲು, ಹಿಮ್ಮಡಿಯನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಇಡಲು ಹೇಳಬೇಕು. ಎದೆ ಬಿಗಿದರೆ, ತಲೆ ತಿರುಗಿದರೆ ಅಥವಾ ಮೊಣಕಾಲಿನಲ್ಲಿ ಚುಚ್ಚುವಂತಹ ನೋವು ಕಂಡರೆ ಕೂಡಲೇ ನಿಲ್ಲಿಸಬೇಕೆಂಬ ಎಚ್ಚರಿಕೆಯ ಜಾಗವೂ ಇದೇ. ಆಮೇಲೆ ಹೇಳುವ ಮಾತುಗಳು ಹೀಗೆ ಸಾಗುತ್ತವೆ:

ಆರಂಭಕ್ಕೆ 3 ಸೆಕೆಂಡು ಮೊದಲು: ‘ತಗೋರಿ… ಮೂಗು ಕಾಲ್ಬೆರಳಿನ ಮ್ಯಾಲ…’
0:00: ‘ಏಳ್ರಿ, ಬಿಡ್ರಿ.’
0:02: ‘ಸಪ್ಪಳಾಗದಂಗ…’
0:03: ‘ಕೂಡ್ರಿ… ಎರಡು… ಮೂರು.’
0:06: ‘ಬಿಡ್ರಿ.’ 0:09: ‘ತಗೋರಿ.’
0:12: ‘ಬಿಡ್ರಿ.’ 0:14: ‘ಮೊಣಕಾಲು ಬೆರಳಿನ ಕಡೆ…’ 0:15: ‘ಕೂಡ್ರಿ.’
0:18ರಿಂದ 0:24: ಮಾತಿಲ್ಲ, ಉಸಿರಿನ ಸದ್ದು ಮಾತ್ರ.
0:24: ‘ಕಡೀದು, ಏಳ್ರಿ.’ 0:27: ‘ಕೂಡ್ರಿ… ಎರಡು… ಮೂರು.’
0:30: ‘ಕೂತೇ ಇರ್ರಿ.’

ಮೊಣಕಾಲಿನ ಮಾತು ಮೂರನೆಯ ಸುತ್ತಿನಲ್ಲಿ, ಅದೂ ನಿಂತಿರುವ ಒಂದು ಸೆಕೆಂಡಿನಲ್ಲಿ ಬಂದಿರುವುದನ್ನು ಗಮನಿಸಬೇಕು. ಇಳಿಯಲು ತೊಡಗಿದ ಮೇಲೆ ಅದನ್ನು ಹೇಳಿದರೆ, ಕೇಳುವವರು ನಡುದಾರಿಯಲ್ಲಿ ತಡವರಿಸಿ ಮೊಣಕಾಲನ್ನು ತಿರುಚುವ ಸಂಭವವಿದೆ. ಎದುರಿಗೆ ಕಲಿಸುವವನು ತಪ್ಪನ್ನು ಕಂಡ ಮೇಲೆ ತಿದ್ದುತ್ತಾನೆ. ವಿಡಿಯೋಕ್ಕೆ ಕಣ್ಣಿಲ್ಲ, ಆದ್ದರಿಂದ ಹೆಚ್ಚು ಜನರಿಂದ ಆಗಬಹುದಾದ ಒಂದು ತಪ್ಪನ್ನು ಊಹಿಸಿ ಅದಕ್ಕೆ ಮಾತ್ರ ಮೊದಲೇ ಮಾತು ಕೊಡಬೇಕು. ಬೆನ್ನು, ಭುಜ, ಹೊಟ್ಟೆ, ಮೊಣಕಾಲು ಎಂದು ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಹೇಳುವ ವಿಡಿಯೋಗಳನ್ನು ಕಂಡಾಗ, ಹೇಳುವವರು ತಮ್ಮ ಜ್ಞಾನವನ್ನು ತೋರಿಸುತ್ತಿದ್ದಾರೆಯೇ ಹೊರತು ಕ್ಯೂ ಕೊಡುತ್ತಿಲ್ಲ ಎಂದೇ ನನಗೆ ಅನ್ನಿಸುತ್ತದೆ.

‘ಸಪ್ಪಳಾಗದಂಗ’ ಎಂಬ ಮಾತಿಗೂ ವಿವರಣೆ ಬೇಕು. ಗಮನವನ್ನು ಸ್ನಾಯುವಿನ ಕಡೆಗೆ ಎಳೆಯುವ ಕ್ಯೂವನ್ನು ಆಂತರಿಕ ಕ್ಯೂ ಎಂದೂ, ಚಲನೆಯಿಂದ ಹೊರಗೆ ಆಗುವ ಪರಿಣಾಮದ ಕಡೆಗೆ ಎಳೆಯುವುದನ್ನು ಬಾಹ್ಯ ಕ್ಯೂ ಎಂದೂ ಕರೆಯಬಹುದು. ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತು ಅವರ ಜೊತೆಗಾರರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕೀ ಅಭ್ಯಾಸದ ಯಂತ್ರದ ಮೇಲೆ ನಿಂತವರ ಪೈಕಿ ತಮ್ಮ ಪಾದಗಳ ಕಡೆಗೆ ಗಮನ ಕೊಟ್ಟವರಿಗಿಂತ ಯಂತ್ರದ ಚಕ್ರಗಳ ಕಡೆಗೆ ಗಮನ ಕೊಟ್ಟವರು ಚೆನ್ನಾಗಿ ಕಲಿತರು. ‘ತೊಡೆಯ ಸ್ನಾಯು ಬಿಗಿ ಹಿಡಿದು ಇಳಿಯಿರಿ’ ಎಂಬುದು ಆಂತರಿಕ, ‘ಕುರ್ಚಿ ಸಪ್ಪಳಾಗದಂಗ ಕೂಡ್ರಿ’ ಎಂಬುದು ಬಾಹ್ಯ. ಎರಡನೆಯದರಲ್ಲಿ ಇನ್ನೊಂದು ಲಾಭವೂ ಇದೆ: ತಪ್ಪಾದರೆ ಕುರ್ಚಿಯೇ ಸದ್ದು ಮಾಡಿ ತಿಳಿಸುತ್ತದೆ.

ನಾಲ್ಕನೆಯ ಸುತ್ತಿನ ಮೌನ ಉದ್ದೇಶಪೂರ್ವಕವಾದದ್ದು. ಅಷ್ಟು ಹೊತ್ತಿಗೆ ಲಯ ಕೂಡಿರುತ್ತದೆ, ಮಾತು ಅದಕ್ಕೆ ಅಡ್ಡಿಯಾಗುತ್ತದೆ. ಆದರೆ ಉಸಿರಿನ ಸದ್ದು ಮೈಕಿಗೆ ಸ್ಪಷ್ಟವಾಗಿ ಸಿಗಬೇಕಾದರೆ ಫ್ಯಾನ್ ನಿಲ್ಲಿಸಬೇಕಾಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬ್ಯಾಸಗಿಯಲ್ಲಿ ನಸುಕಿನ ಹೊತ್ತು ಬಿಟ್ಟರೆ ಮುದ್ರಣ ಸಾಧ್ಯವಿಲ್ಲ.

ಕ್ಯೂ ಸರಿಯಾಗಿದೆಯೇ ಎಂದು ತಿಳಿಯಲು ಫೋನನ್ನು ಬೋರಲು ಹಾಕಿ ಧ್ವನಿಯನ್ನು ಮಾತ್ರ ಕೇಳಿಸಬೇಕು. ವ್ಯಾಯಾಮ ಮಾಡುವವರು ಯಾವ ಸೆಕೆಂಡಿನಲ್ಲಿ ಫೋನಿನ ಕಡೆಗೆ ಕತ್ತು ತಿರುಗಿಸುತ್ತಾರೋ ಅಲ್ಲಿ ಮಾತು ಕೊರತೆಯಾಗಿದೆ ಅಥವಾ ತಡವಾಗಿದೆ. ವೈನಿಯವರು 0:30ಕ್ಕೆ ತಿರುಗಿ ನೋಡುತ್ತಿದ್ದರು, ಏಕೆಂದರೆ ಆಗ ಅಲ್ಲಿ ಬರೀ ಗಂಟೆಯ ಸದ್ದಿತ್ತು. ಆರನೆಯ ಸಲ ಏಳಬೇಕೋ ಬೇಡವೋ ಅವರಿಗೆ ತಿಳಿಯುತ್ತಿರಲಿಲ್ಲ. ‘ಕೂತೇ ಇರ್ರಿ’ ಎಂಬುದು ಆಮೇಲೆ ಸೇರಿಸಿದ ಮಾತು.