ಕನಿಷ್ಠ ವಿಚಲನೆ: ಒಳಗೇ ತಿರುಗಿಬಿದ್ದ ಕಿರಣಕ್ಕೆ ಈ ಹೆಸರು ಸಲ್ಲದು

ಬಿಳಿ ಹಾಳೆಯ ಮೇಲೆ ಪ್ರಿಸಂ, ಅದರೊಳಗೆ ಕೆಂಪು ಲೇಸರ್ ಗೆರೆ, ಮೊಬೈಲಿನಲ್ಲಿ ತೆಗೆದ ಫೋಟೊ, ಅದರ ಕೆಳಗೆ ‘ಕನಿಷ್ಠ ವಿಚಲನೆ’ ಎಂಬ ಶೀರ್ಷಿಕೆ. ಕಲಬುರಗಿ, ಯಾದಗಿರಿ ಕಡೆಯ ಪಿಯುಸಿ ರೆಕಾರ್ಡ್ ಪುಸ್ತಕಗಳಲ್ಲೂ ವಸ್ತುಪ್ರದರ್ಶನದ ಚಾರ್ಟುಗಳಲ್ಲೂ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಫೋಟೊ ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಕಿರಣ ಎಡ ಮುಖದಿಂದ ಒಳಹೊಕ್ಕು, ಬಲ ಮುಖಕ್ಕೆ ಬಡಿದು, ಅಲ್ಲಿಂದ ತಿರುಗಿ ತಳದಿಂದ ಹೊರಬಿದ್ದಿರುತ್ತದೆ. ಅದು ಪೂರ್ಣ ಆಂತರಿಕ ಪ್ರತಿಫಲನ. ಕನಿಷ್ಠ ವಿಚಲನೆ ಎಂದರೆ ಕಿರಣ ಎರಡು ಮುಖಗಳನ್ನು ದಾಟಿ ಹೊರಬಿದ್ದು, ಬಂದ ದಿಕ್ಕಿನಿಂದ ಆದಷ್ಟು ಕಡಿಮೆ ತಿರುಗುವ ಬೇರೆಯೇ ದಾರಿ, ಮತ್ತು ಸಾಮಾನ್ಯ ಗಾಜಿನ 60 ಡಿಗ್ರಿ ಪ್ರಿಸಂನಲ್ಲಿ ಈ ಎರಡೂ ಒಂದೇ ಕಿರಣಕ್ಕೆ ಒಟ್ಟಿಗೆ ಒದಗುವುದಿಲ್ಲ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮೂರೂ ಕೋನ 60 ಡಿಗ್ರಿ ಇರುವ, ವಕ್ರೀಭವನ ಸೂಚ್ಯಂಕ 1.5 ಇರುವ ಗಾಜನ್ನು ತೆಗೆದುಕೊಳ್ಳಿ. ಇದರ ಕ್ರಾಂತಿಕೋನ, ಅಂದರೆ ಒಳಗಿನಿಂದ ಬಡಿದ ಕಿರಣ ಹೊರಹೋಗದೆ ಪೂರ್ತಿ ತಿರುಗಿಬೀಳಲು ದಾಟಬೇಕಾದ ಕೋನ, 41.8 ಡಿಗ್ರಿ. ಕನಿಷ್ಠ ವಿಚಲನೆಯಲ್ಲಿ ಕಿರಣ ಪ್ರಿಸಂನೊಳಗೆ ಎರಡೂ ಮುಖಗಳ ಲಂಬದೊಂದಿಗೆ 30 ಡಿಗ್ರಿ ಮಾಡಿಕೊಂಡು, ತಳಕ್ಕೆ ಸಮಾಂತರವಾಗಿ ಸಾಗುತ್ತದೆ. 30 ಎಂಬುದು 41.8ಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಎರಡನೇ ಮುಖದಲ್ಲಿ ಅದನ್ನು ತಡೆಯುವವರಿಲ್ಲ, ಹೊರಗೆ ಹೋಗಿಯೇ ಹೋಗುತ್ತದೆ. ಪತನ ಕೋನ 48.6, ನಿರ್ಗಮನ ಕೋನವೂ 48.6, ವಿಚಲನೆ 37.2 ಡಿಗ್ರಿ. ಒಳಗೇ ತಿರುಗಿಬೀಳಬೇಕಾದರೆ ಎರಡನೇ ಮುಖದಲ್ಲಿ 41.8 ದಾಟಬೇಕು. ಅಂದರೆ ಮೊದಲ ಮುಖದಲ್ಲಿ ಒಳಕೋನ 18.2ಕ್ಕಿಂತ ಕಡಿಮೆ ಇರಬೇಕು, ಹೊರಗಿನ ಪತನ ಕೋನ ಸುಮಾರು 28 ಡಿಗ್ರಿಗಿಂತ ಕೆಳಗಿಳಿಯಬೇಕು. ಒಂದು 28ರ ಕೆಳಗಿನ ಸಂಗತಿ, ಇನ್ನೊಂದು 48ರ ಮೇಲಿನದು.

ಇಷ್ಟು ಸ್ಪಷ್ಟವಾಗಿದ್ದರೂ ಗೊಂದಲ ಯಾಕೆ? ‘ಪತನ ಕೋನ ಮತ್ತು ನಿರ್ಗಮನ ಕೋನ ಸಮ ಇದ್ದರೆ ಕನಿಷ್ಠ ವಿಚಲನೆ’ ಎಂಬ ಒಂದು ಸಾಲನ್ನು ಬಾಯಿಪಾಠ ಮಾಡಿರುತ್ತಾರೆ. ಫೋಟೊದಲ್ಲಿ ಅಳೆದು ನೋಡುತ್ತಾರೆ, ಎರಡೂ ಸಮ ಬರುತ್ತವೆ, ಶೀರ್ಷಿಕೆ ಬರೆದೇಬಿಡುತ್ತಾರೆ. ಆದರೆ ಒಳಗೆ ತಿರುಗಿ ತಳದಿಂದ ಹೊರಬರುವ ಕಿರಣಕ್ಕೂ ಆ ಎರಡು ಕೋನಗಳು ಸಮವೇ, ಅದೂ ಯಾವ ಪತನ ಕೋನಕ್ಕಾದರೂ ಸರಿ. ಮೊದಲ ಮುಖದಲ್ಲಿ ಒಳಕೋನ 10 ಇದ್ದರೆ ಎರಡನೆಯದರಲ್ಲಿ 60ರಲ್ಲಿ 10 ಕಳೆದು 50. ಪ್ರತಿಫಲಿಸಿದ ಮೇಲೆ ತಳದಲ್ಲಿ 60ರಲ್ಲಿ 50 ಕಳೆದು ಮತ್ತೆ 10. ಹೊಕ್ಕ ಕೋನದಲ್ಲೇ ಹೊರಬೀಳುವುದು ಸಮಬಾಹು ಪ್ರಿಸಂನ ಆಕಾರದ ಗುಣ, ಕನಿಷ್ಠತೆಗೂ ಅದಕ್ಕೂ ಸಂಬಂಧವಿಲ್ಲ. ಬಾಯಿಪಾಠದ ಆ ಸಾಲು ಎರಡು ಸಲ ವಕ್ರೀಭವಿಸಿ, ಮಧ್ಯೆ ಎಲ್ಲೂ ಪ್ರತಿಫಲಿಸದ ಕಿರಣಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿ ಅದಕ್ಕೆ ಕಾರಣವೂ ಇದೆ: ಬೆಳಕು ಬಂದ ದಾರಿಯಲ್ಲೇ ಹಿಂದಿರುಗಬಲ್ಲದು. ಕೋನಗಳು ಬೇರೆ ಬೇರೆಯಿರುವಾಗ ಕನಿಷ್ಠ ಬಂದಿದ್ದರೆ, ಅವನ್ನು ಅದಲುಬದಲು ಮಾಡಿದಾಗಲೂ ಅದೇ ಕನಿಷ್ಠ ಬರಬೇಕಾಗಿತ್ತು. ಪ್ರಯೋಗದಲ್ಲಿ ಸಿಗುವುದು ಒಂದೇ ಕನಿಷ್ಠ. ಆದ್ದರಿಂದ ಕೋನಗಳು ಸಮ.

ಫೋಟೊ ತೆಗೆಯುವ ಮುಂಚೆ ಒಂದು ಕೆಲಸ ಮಾಡಿದರೆ ಸಾಕು: ಪ್ರಿಸಂ ಅನ್ನು ಮೆಲ್ಲಗೆ 5 ಡಿಗ್ರಿ ತಿರುಗಿಸಿ, ಹೊರಬಿದ್ದ ಕಿರಣದ ಚುಕ್ಕೆ ಗೋಡೆಯ ಮೇಲೆ ಏನು ಮಾಡುತ್ತದೆ ನೋಡಿ. ಕನಿಷ್ಠ ವಿಚಲನೆಯಲ್ಲಿದ್ದರೆ ಕಿರಣ ಅರ್ಧ ಡಿಗ್ರಿಯೂ ಅಲುಗುವುದಿಲ್ಲ. ಇನ್ನೂ ತಿರುಗಿಸುತ್ತಾ ಹೋದರೆ, ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಚುಕ್ಕೆ ಒಂದೇ ದಿಕ್ಕಿಗೆ ಸರಿಯುತ್ತದೆ. ಆ ನಿಂತುಹೋಗುವ ಜಾಗಕ್ಕೇ ಕನಿಷ್ಠ ಎನ್ನುವುದು. ಪೂರ್ಣ ಆಂತರಿಕ ಪ್ರತಿಫಲನದ ಕಿರಣವೋ ಕನ್ನಡಿಯಂತೆ ವರ್ತಿಸುತ್ತದೆ. 5 ಡಿಗ್ರಿಗೆ ಸರಿಯಾಗಿ 10 ಡಿಗ್ರಿ ಓಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ನಿಲ್ಲದಿದ್ದ ಮೇಲೆ ಅದಕ್ಕೆ ಕನಿಷ್ಠ ಎಲ್ಲಿಂದ ಬರಬೇಕು?

ಲೇಸರ್ ಬಿಟ್ಟು ಬಿಸಿಲು ಬಳಸಿದರೆ ಪರೀಕ್ಷೆ ಇನ್ನೂ ಸುಲಭ, ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ರಟ್ಟಿನಲ್ಲಿ ಸಣ್ಣ ಸೀಳು ಮಾಡಿ ಬೆಳಕು ಬಿಡಿ. ಕನಿಷ್ಠ ವಿಚಲನೆಯ ದಾರಿಯಲ್ಲಿ ಬಣ್ಣದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ತಳದಿಂದ ಹೊರಬಂದದ್ದು ಬಿಳಿಯಾಗಿಯೇ ಉಳಿಯುತ್ತದೆ, ಯಾಕೆಂದರೆ ಅಲ್ಲಿ ಪ್ರತಿಯೊಂದು ಬಣ್ಣವೂ ಹೊಕ್ಕ ಕೋನದಲ್ಲೇ ಹೊರಬಿದ್ದು ಎಲ್ಲ ಬಣ್ಣಗಳೂ ಒಂದಕ್ಕೊಂದು ಸಮಾಂತರವಾಗಿಬಿಡುತ್ತವೆ. ಕೆಂಪು ಲೇಸರ್‌ನಲ್ಲಿ ಇರುವುದೇ ಒಂದು ಬಣ್ಣ, ಅದಕ್ಕೇ ಈ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ಶೀರ್ಷಿಕೆ ತಪ್ಪಾದರೆ ಆಗುವ ನಷ್ಟ ಸಣ್ಣದಲ್ಲ. ಕಿರಣವನ್ನು ನೇರವಾಗಿ ಲಂಬದಲ್ಲೇ ಬಿಟ್ಟಿದ್ದಾರೆ ಅಂದುಕೊಳ್ಳಿ. ಅದು ಬಾಗದೆ ಒಳಹೋಗಿ, ಎರಡನೇ ಮುಖಕ್ಕೆ 60 ಡಿಗ್ರಿಯಲ್ಲಿ ಬಡಿದು, ತಿರುಗಿ, ತಳದಿಂದ ಲಂಬವಾಗಿಯೇ ಹೊರಬರುತ್ತದೆ. ಒಟ್ಟು ತಿರುವು 60 ಡಿಗ್ರಿ. ಇದನ್ನೇ ಕನಿಷ್ಠ ವಿಚಲನೆ D ಎಂದು ನಂಬಿ, ಪ್ರಿಸಂನ ಶೃಂಗದ 60 ಡಿಗ್ರಿಯನ್ನು A ಎಂದಿಟ್ಟು, ವಕ್ರೀಭವನ ಸೂಚ್ಯಂಕ n ಕೊಡುವ ಸೂತ್ರಕ್ಕೆ ಹಾಕುತ್ತಾರೆ:

n = sin((A + D)/2) / sin(A/2)

ಸೈನ್ 60 ಅನ್ನು ಸೈನ್ 30ರಿಂದ ಭಾಗಿಸಿದರೆ 1.73. ನಿಜವಾದ ಉತ್ತರ 1.5. ಕೇಡೇನೆಂದರೆ 1.73 ಎಂಬುದು ಅಸಂಭವ ಸಂಖ್ಯೆಯಲ್ಲ, ‘ಭಾರೀ ಫ್ಲಿಂಟ್ ಗಾಜಿರಬೇಕು’ ಎಂದು ಸಮಾಧಾನ ಹೇಳಿಕೊಂಡು ಸಹಿ ಬೀಳುತ್ತದೆ. ಪತನ ಕೋನ 20 ಇಟ್ಟಿದ್ದರೆ ತಿರುವು 100 ಆಗಿ, ಸೂತ್ರದಿಂದ 1.97 ಬರುತ್ತಿತ್ತು. ಆಗಲಾದರೂ ಅನುಮಾನ ಬರಬೇಕು. ಒಂದೇ ಗಾಜು ಪತನ ಕೋನ ಬದಲಾದಂತೆ ಬೇರೆ ಬೇರೆ ಸೂಚ್ಯಂಕ ತೋರಿಸುವುದಿಲ್ಲ.

ಇನ್ನು ಫೋಟೊದ ಮಾತು. ಎರಡನೇ ಮುಖದಿಂದ ಕಿರಣ ಹೊರಗೂ ಹೋಗಿ, ಒಳಗೂ ಮಸುಕಾಗಿ ತಿರುಗಿದ್ದರೆ ಅದು ಪೂರ್ಣ ಪ್ರತಿಫಲನವಲ್ಲ. ಗಾಜಿನ ಯಾವ ಮುಖದಲ್ಲಾದರೂ ಸ್ವಲ್ಪ ಬೆಳಕು ಹಿಂದಿರುಗುತ್ತದೆ, ಕನಿಷ್ಠ ವಿಚಲನೆಯಲ್ಲೂ. ಕತ್ತಲೆ ಕೋಣೆಯಲ್ಲಿ ಮೊಬೈಲ್ ತಾನೇ ಬೆಳಕು ಹೆಚ್ಚಿಸಿಕೊಂಡು ಆ ಮಸುಕು ಗೆರೆಯನ್ನು ಮುಖ್ಯ ಗೆರೆಯಷ್ಟೇ ದಪ್ಪ ತೋರಿಸುತ್ತದೆ. ಪರದೆಯ ಮೇಲೆ ಬೆರಳಿಟ್ಟು ಎಕ್ಸ್‌ಪೋಶರ್ ಇಳಿಸಿದರೆ ಯಾವುದು ಗಟ್ಟಿ, ಯಾವುದು ಮಸುಕು ಎಂದು ತಿಳಿಯುತ್ತದೆ.

ಕೋನವನ್ನು ಫೋಟೊದಲ್ಲೇ ಅಳೆಯುವವರು ಮೊದಲು ಪ್ರಿಸಂನ ಅಂಚುಗಳನ್ನೇ ಅಳೆಯಲಿ. ಅದಕ್ಕೆ ಹಾಳೆಯ ಮೇಲೆ ಪ್ರಿಸಂ ಸುತ್ತ ಚೂಪು ಪೆನ್ಸಿಲಿನಿಂದ ಗೆರೆ ಎಳೆದಿರಬೇಕು. ಮೂರೂ ಕೋನ 60 ಬರದಿದ್ದರೆ ಕ್ಯಾಮೆರಾ ನೇರ ಮೇಲಿರಲಿಲ್ಲ ಎಂದರ್ಥ. ತಳದ ಕಡೆಯಿಂದ ಬರೀ 20 ಡಿಗ್ರಿ ವಾಲಿಸಿ ತೆಗೆದರೂ ಶೃಂಗದ 60 ಡಿಗ್ರಿ ಸುಮಾರು 63 ಆಗಿ ಕಾಣುತ್ತದೆ, ತಳದ ಎರಡು ಕೋನ 58ರ ಆಸುಪಾಸಿಗೆ ಇಳಿಯುತ್ತವೆ. ಅಂಥ ಚಿತ್ರದಲ್ಲಿ ಪತನ ಕೋನ ಅಳೆದು ಪ್ರಯೋಜನವಿಲ್ಲ. ಗಾಜಿನೊಳಗಿನ ಗೆರೆಯನ್ನಂತೂ ಗಾಜಿನ ಮೂಲಕ ನೋಡಿ ಅಳೆಯಲೇಬಾರದು. ಮೇಲಿನಿಂದ ನೋಡುವಾಗ ತಳದ ಗೆರೆ ಪ್ರಿಸಂನ ಎತ್ತರದ ಮೂರನೇ ಒಂದು ಭಾಗದಷ್ಟು ಮೇಲೆದ್ದಂತೆ ಕಾಣುತ್ತದೆ, ಕ್ಯಾಮೆರಾ ಓರೆಯಾದರೆ ಜಾಗವೇ ತಪ್ಪುತ್ತದೆ. ಹೊರಗಿನ ಎರಡು ಕಿರಣಗಳ ಮೇಲೆ, ಒಂದೊಂದರ ಮೇಲೂ ಐದಾರು ಸೆಂಟಿಮೀಟರ್ ಅಂತರದಲ್ಲಿ ಎರಡೆರಡು ಚುಕ್ಕೆ ಹಾಕಿ, ಪ್ರಿಸಂ ಎತ್ತಿಟ್ಟು, ಒಳಗಿನ ದಾರಿಯನ್ನು ಸ್ಕೇಲಿನಿಂದ ಕೂಡಿಸಬೇಕು. ಫೋಟೊ ತೆಗೆಯುವುದು ಆಮೇಲೆ.